ಊರು ಬಿಟ್ಟವರು ನಾವು, ಕೆಂಪು ಬಣ್ಣ ಊರಿಗೆ

ತಪ್ಪು ನನ್ನದೇ. ಮೊದಲು ಅದನ್ನ ಒಪ್ಪಿಕೊಂಡುಬಿಡ್ತೀನಿ. ಆಮೇಲೆ ಬೇರೆಯವರನ್ನ ಬೈಯೋದಕ್ಕೆ ಸುಲಭ ಆಗುತ್ತೆ.

ಕೆಲವು ವರ್ಷಗಳ ಹಿಂದೆ ನಮ್ಮ ಟೀಮಿಗೆ ಒಂದು ಆರೋಗ್ಯ ಡ್ಯಾಶ್‌ಬೋರ್ಡ್ ಮಾಡುವ ಕೆಲಸ ಬಂತು. ಯಾವ ಪ್ರದೇಶದಲ್ಲಿ ಎಷ್ಟು ಜನ, ವರ್ಷಕ್ಕೆ ಎಷ್ಟು ಸಾವು, ಎರಡೂ ಟೇಬಲ್ಲಿನಲ್ಲಿ ಸಿದ್ಧವಾಗಿತ್ತು. ಒಂದನ್ನ ಇನ್ನೊಂದರಿಂದ ಭಾಗಿಸಿ, ಸಾವಿರಕ್ಕೆ ಎಷ್ಟು ಅಂತ ತೆಗೆದು, ನಕ್ಷೆಗೆ ಬಣ್ಣ ಹಚ್ಚಬೇಕು. ಹತ್ತು ನಿಮಿಷದ ಕೆಲಸ. ನಾನು ಬರೆದದ್ದು ಇಷ್ಟೇ:

```sql
SELECT area, SUM(deaths) * 1000.0 / SUM(population) AS death_rate
FROM mortality
GROUP BY area
ORDER BY death_rate DESC;
```

ಶುಕ್ರವಾರ ಡೆಮೊ ಇತ್ತು. ದೊಡ್ಡ ಪರದೆ ಮೇಲೆ ನಕ್ಷೆ ತೆರೆದುಕೊಂಡಿತು. ಬೆಂಗಳೂರಿನ ಸುತ್ತಮುತ್ತ ಎಲ್ಲಾ ತಂಪಾದ ಹಸಿರು. ನಮ್ಮೂರಿನ ಕಡೆ ಮಾತ್ರ ಗಾಢ ಕೆಂಪು. ಪಕ್ಕದಲ್ಲಿದ್ದವನು ಮೊಣಕೈಯಲ್ಲಿ ತಿವಿದು, "ಏನ್ ಗುರು, ನಿಮ್ಮೂರಲ್ಲಿ ಜನ ಹಿಂಗೆ ಸಾಯ್ತಾರಾ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಗ್ರಾಹಕರ ಕಡೆಯವರೊಬ್ಬರು ಗಂಭೀರವಾಗಿ, "ಈ ಕೆಂಪು ಜಾಗಗಳ ವೈದ್ಯಾಧಿಕಾರಿಗಳಿಂದ ವಿವರಣೆ ಕೇಳಬೇಕು" ಅಂತ ನೋಟ್ ಮಾಡಿಕೊಂಡರು. ಆಗ ನನಗೆ ನಗು ಬರಲಿಲ್ಲ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನ ಹೇಳಿದೆ. ನಮ್ಮೂರಲ್ಲಿ ಸಾವು ಜಾಸ್ತಿಯಂತೆ ಕಣಪ್ಪ, ಕಂಪ್ಯೂಟರ್ ಹೇಳ್ತಾ ಇದೆ ಅಂದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಅಲ್ಲ ಮಗ, ನೀವೆಲ್ಲ ಬೆಂಗಳೂರು ಸೇರ್ಕಂಡ್ರಿ. ಊರಲ್ಲಿ ಉಳ್ದಿರೋರು ನಾವು ಮುದುಕ್ರು. ನಾವಲ್ದೆ ಇನ್ಯಾರು ಸಾಯ್ಬೇಕು?" ಅಂದರು.

ನನ್ನ ಎಂಟು ಸೆಮಿಸ್ಟರ್ ಬಿಇ ಹೇಳದ್ದನ್ನ ಎಸ್ಸೆಸ್ಸೆಲ್ಸಿ ಓದಿದ ಅಪ್ಪ ಒಂದು ವಾಕ್ಯದಲ್ಲಿ ಹೇಳಿದ್ದರು. ನಾನು ಅಳೆದದ್ದು ನಮ್ಮೂರಿನ ಆರೋಗ್ಯವನ್ನಲ್ಲ, ನಾನು ಊರು ಬಿಟ್ಟದ್ದನ್ನ. ನಾನು ಮತ್ತು ನನ್ನಂಥ ಸಾವಿರಾರು ಜನ ಬಸ್ ಹತ್ತಿದ ದಿನವೇ ಊರಿನ ಸಾವಿನ ದರ ಏರಿತು, ಬೆಂಗಳೂರಿನದ್ದು ಇಳಿಯಿತು. ಒಬ್ಬನೇ ಒಬ್ಬನ ಕಾಯಿಲೆ ಹೆಚ್ಚಾಗಿರಲಿಲ್ಲ, ಒಬ್ಬನದೂ ಕಡಿಮೆಯಾಗಿರಲಿಲ್ಲ.

ಒಟ್ಟು ಸಾವನ್ನ ಒಟ್ಟು ಜನರಿಂದ ಭಾಗಿಸಿದರೆ ಬರೋದಕ್ಕೆ ಕಚ್ಚಾ ಮರಣ ದರ ಅಂತ ಹೆಸರು. ಹೆಸರಲ್ಲೇ ಕಚ್ಚಾ ಅಂತ ಇದೆ. ಆದರೂ ಅದನ್ನ ಬೇಯಿಸದೇ ಬಡಿಸೋದು ನಮಗೆ ಅಭ್ಯಾಸವಾಗಿದೆ. ನಿಮ್ಮ ವಾಟ್ಸಾಪಿಗೂ ಬಂದಿರಬಹುದು: ಕೇರಳಕ್ಕಿಂತ ಬಿಹಾರದಲ್ಲಿ ಸಾವು ಕಡಿಮೆ, ಕೇರಳ ಮಾದರಿ ಅನ್ನೋದೆಲ್ಲ ಬೊಗಳೆ ಅಂತ. ಸಂಖ್ಯೆ ಸುಳ್ಳಲ್ಲ. ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ, ಅಂದರೆ ಎಸ್‌ಆರ್‌ಎಸ್‌ನ, 2020ರ ಲೆಕ್ಕದಲ್ಲಿ ಕೇರಳದ ಕಚ್ಚಾ ಮರಣ ದರ ಸಾವಿರಕ್ಕೆ 7.0, ಬಿಹಾರದ್ದು 5.4. ಆದರೆ ಅದೇ ವರ್ಷ, ಅದೇ ವರದಿಯಲ್ಲಿ, ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವರು ಕೇರಳದಲ್ಲಿ 6, ಬಿಹಾರದಲ್ಲಿ 27. ಜೀವಿತಾವಧಿ ಕೇರಳದಲ್ಲಿ ಸುಮಾರು 75 ವರ್ಷ, ಬಿಹಾರದಲ್ಲಿ 70ರ ಒಳಗೆ. ಹೆಚ್ಚು ಕಾಲ ಬದುಕುವ ರಾಜ್ಯದಲ್ಲಿ ಸಾವಿನ ದರವೂ ಹೆಚ್ಚು! ಒಗಟೇನಿಲ್ಲ. 2011ರ ಜನಗಣತಿಯಲ್ಲಿ ಕೇರಳದ ನೂರು ಜನರಲ್ಲಿ ಅರವತ್ತು ದಾಟಿದವರು 12ಕ್ಕೂ ಹೆಚ್ಚು, ಬಿಹಾರದಲ್ಲಿ 8ಕ್ಕಿಂತ ಕಡಿಮೆ. ಜನ ಬದುಕಿ ಉಳಿದು ಮುದುಕರಾದದ್ದೇ ಕೇರಳದ ತಪ್ಪು.

ಇದೇನು ನಿನ್ನೆ ಮೊನ್ನೆಯ ಜಗಳವೂ ಅಲ್ಲ. 1844ರಲ್ಲಿ ಲಂಡನ್ನಿನಲ್ಲಿ, ನೈರ್ಮಲ್ಯ ಸುಧಾರಣೆಗೆ ಹೆಸರಾದ ಎಡ್ವಿನ್ ಚಾಡ್ವಿಕ್, ಸತ್ತವರ ಸರಾಸರಿ ವಯಸ್ಸು ನೋಡಿ ಯಾವ ಪ್ರದೇಶ ಎಷ್ಟು ಆರೋಗ್ಯವಾಗಿದೆ ಅಂತ ತೀರ್ಮಾನಿಸೋಣ ಅಂದರು. ಅದೇ ವರ್ಷ ನೈಸನ್ ಅನ್ನುವ ವಿಮಾ ಲೆಕ್ಕತಜ್ಞರು ಅದನ್ನ ಖಂಡಿಸಿದರು. ಬದುಕಿರುವವರ ವಯಸ್ಸೇ ಎರಡು ಕಡೆ ಬೇರೆ ಬೇರೆ ಇರುವಾಗ ಸತ್ತವರ ವಯಸ್ಸು ಹೋಲಿಸಿ ಏನು ಪ್ರಯೋಜನ, ಒಂದು ಪ್ರದೇಶದ ಮರಣ ದರಗಳನ್ನ ಇನ್ನೊಂದು ಪ್ರದೇಶದ ಜನಕ್ಕೆ ಹಾಕಿ ನೋಡಿ ಅನ್ನೋದು ಅವರ ವಾದ. ನೂರೆಂಬತ್ತು ವರ್ಷದ ಹಿಂದೆ ತೀರಿಹೋದ ಜಗಳವನ್ನ ನಾವಿನ್ನೂ ಪವರ್ ಪಾಯಿಂಟಿನಲ್ಲಿ ಸೋಲ್ತಾ ಇದ್ದೀವಿ.

ಸರಿ, ಲೆಕ್ಕ ಮಾಡೋಣ. ಕೆಳಗಿನ ಸಂಖ್ಯೆಗಳು ಕೈಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡವು, ಯಾವ ಊರಿನವೂ ಅಲ್ಲ. ಒಂದು ತಾಲೂಕು, ಒಂದು ನಗರ ಪ್ರದೇಶ. ಎರಡರಲ್ಲೂ ಒಂದೊಂದು ಲಕ್ಷ ಜನ.

ನಗರದಲ್ಲಿ 40ಕ್ಕಿಂತ ಕಿರಿಯರು 70,000, 40ರಿಂದ 59ರವರೆಗಿನವರು 22,000, 60 ದಾಟಿದವರು 8,000. ಈ ಮೂರು ಗುಂಪಿನಲ್ಲಿ ಸಾವಿರಕ್ಕೆ ವರ್ಷಕ್ಕೆ ಸಾಯುವವರು ಕ್ರಮವಾಗಿ 2, 6 ಮತ್ತು 45. ಒಟ್ಟು ಸಾವು 140, 132, 360 ಕೂಡಿ 632. ಕಚ್ಚಾ ದರ ಸಾವಿರಕ್ಕೆ 6.3.

ತಾಲೂಕಿನಲ್ಲಿ ಕಿರಿಯರು 56,000, ನಡುವಯಸ್ಸಿನವರು 26,000, ಹಿರಿಯರು 18,000. ಸಾವಿರಕ್ಕೆ ಸಾಯುವವರು 1.5, 5 ಮತ್ತು 40. ಗಮನಿಸಿ, ಮೂರೂ ವಯಸ್ಸಿನಲ್ಲಿ ತಾಲೂಕಿನ ಜನ ನಗರದವರಿಗಿಂತ ಕಡಿಮೆ ಸಾಯ್ತಾ ಇದ್ದಾರೆ. ಒಟ್ಟು ಸಾವು 84, 130, 720 ಕೂಡಿ 934. ಕಚ್ಚಾ ದರ 9.3. ನನ್ನ ಡ್ಯಾಶ್‌ಬೋರ್ಡಿನಲ್ಲಿ ಇದು ಕೆಂಪು, ನಗರ ಹಸಿರು. ಪ್ರತಿ ವಯಸ್ಸಿನಲ್ಲೂ ಗೆದ್ದವನು ಒಟ್ಟಿನಲ್ಲಿ ಸೋತ!

ಇದನ್ನ ಸರಿಮಾಡುವ ನೇರ ವಿಧಾನ ಹೀಗೆ. ಇಬ್ಬರಿಗೂ ಒಂದೇ ವಯೋರಚನೆಯ ಅಂಗಿ ತೊಡಿಸಿ ನೋಡೋದು. ಆ ಅಂಗಿಯ ಹೆಸರು ಪ್ರಮಾಣ ಜನಸಂಖ್ಯೆ. ಇಲ್ಲಿ ಎರಡೂ ಕಡೆಯ ಜನರನ್ನ ಕೂಡಿಸಿ ನಾವೇ ಒಂದನ್ನ ಹೊಲಿಯೋಣ: ಕಿರಿಯರು 63, ನಡುವಯಸ್ಸಿನವರು 24, ಹಿರಿಯರು 13 ಶೇಕಡಾ. ಈಗ ಒಂದು ಲಕ್ಷ ಜನರ ಈ ಕಾಲ್ಪನಿಕ ಊರಿನಲ್ಲಿ ನಗರದ ದರಗಳು ನಡೆದರೆ ಎಷ್ಟು ಸಾವು? 126, 144, 585, ಒಟ್ಟು 855. ತಾಲೂಕಿನ ದರಗಳು ನಡೆದರೆ? 94.5, 120, 520, ಒಟ್ಟು ಸುಮಾರು 735. ಅಂದರೆ ವಯೋ ಪ್ರಮಾಣೀಕೃತ ಮರಣ ದರ ನಗರಕ್ಕೆ ಸಾವಿರಕ್ಕೆ 8.55, ತಾಲೂಕಿಗೆ 7.35. ಬಣ್ಣ ಅದಲು ಬದಲಾಯಿತು. ನನ್ನ ಕ್ವೆರಿಗೆ ಬೇಕಿದ್ದದ್ದು ಒಂದೇ ಒಂದು ಜಾಯಿನ್:

```sql
SELECT m.area, SUM(s.weight * m.deaths * 1000.0 / m.population) AS std_rate
FROM mortality m JOIN std_pop s ON s.age_group = m.age_group
GROUP BY m.area;
```

ಒಂದು ಎಚ್ಚರಿಕೆ. ನಿಜವಾದ ಕೆಲಸದಲ್ಲಿ ಮೂರು ಗುಂಪು ಸಾಲದು. 60 ದಾಟಿದವರೆಲ್ಲ ಒಂದೇ ಅಂದರೆ, 62ರ ನಿವೃತ್ತ ಮೇಷ್ಟ್ರೂ 88ರ ಅಜ್ಜಿಯೂ ಒಂದೇ ತಕ್ಕಡಿಯಲ್ಲಿ ಕೂತ ಹಾಗಾಯಿತು. ಅಜ್ಜಿಯರು ಜಾಸ್ತಿ ಇರುವ ಊರು ಮತ್ತೆ ಕೆಟ್ಟದಾಗಿ ಕಾಣುತ್ತೆ. ಅದಕ್ಕೇ ಐದೈದು ವರ್ಷದ ಗುಂಪು ಮಾಡ್ತಾರೆ, ಕೊನೆಯ ಗುಂಪನ್ನ ಸಾಧ್ಯವಾದಷ್ಟು ಮೇಲಕ್ಕೆ ತಳ್ತಾರೆ.

ಇಷ್ಟು ಹೇಳಿದ ತಕ್ಷಣ ಗೆಳೆಯನೊಬ್ಬ ಕೇಳಿದ: "ನಿಂಗೆ ಬೇಕಾದ ಹಾಗೆ ಸಂಖ್ಯೆ ಇಟ್ಕೊಂಡು ನಿಮ್ಮೂರನ್ನ ಗೆಲ್ಲಿಸಿದೆ. ನಿಜವಾಗಿಯೂ ಹಳ್ಳಿ ಗೆಲ್ಲುತ್ತಾ?" ನ್ಯಾಯವಾದ ಪ್ರಶ್ನೆ. ಗೆಲ್ಲಲೇಬೇಕು ಅಂತೇನೂ ಇಲ್ಲ. ಹೃದಯಾಘಾತವಾದರೆ ಎರಡು ಗಂಟೆ ದಾರಿ ಇರುವ ಊರು ನಮ್ಮದು. ವಯಸ್ಸಿನ ಪರದೆ ಸರಿಸಿದ ಮೇಲೂ ಅದು ಕೆಂಪಾಗಿಯೇ ಉಳಿಯಬಹುದು. ಉಳಿದರೆ ಉಳಿಯಲಿ! ಆಗ ಆ ಕೆಂಪು ಆಸ್ಪತ್ರೆಯದ್ದು, ಆಂಬುಲೆನ್ಸಿನದ್ದು, ಕುಡಿಯುವ ನೀರಿನದ್ದು. ಅದಕ್ಕೆ ಉತ್ತರ ಕೇಳಬಹುದು. ನಾನು ಊರು ಬಿಟ್ಟದ್ದಕ್ಕೆ ಅಲ್ಲಿನ ಡಾಕ್ಟರನ್ನ ವಿವರಣೆ ಕೇಳೋದಲ್ಲ. ನನ್ನ ತಕರಾರು ಊರನ್ನ ಗೆಲ್ಲಿಸಲಿಲ್ಲ ಅಂತಲ್ಲ, ಪಂದ್ಯವೇ ಸರಿಯಾಗಿ ನಡೆದಿಲ್ಲ ಅಂತ.

ಹಾಗಂತ ಪ್ರಮಾಣೀಕೃತ ದರವನ್ನೇ ದೇವರು ಮಾಡಬೇಡಿ. 8.55 ಅನ್ನೋದು ಯಾವ ಊರಿನಲ್ಲೂ ನಡೆದ ಸಾವಲ್ಲ. ಅಂಗಿ ಬದಲಿಸಿದರೆ ಅದೂ ಬದಲಾಗುತ್ತೆ. ಅಮೆರಿಕದವರು ದಶಕಗಳ ಕಾಲ 1940ರ ತಮ್ಮ ಜನಸಂಖ್ಯೆಯನ್ನ ಪ್ರಮಾಣವಾಗಿ ಇಟ್ಟುಕೊಂಡಿದ್ದರು. 1999ರ ಸಾವುಗಳ ಲೆಕ್ಕದಿಂದ 2000ದ ಜನಸಂಖ್ಯೆಗೆ ಬಂದರು. 1995ರ ಅದೇ ಸಾವುಗಳನ್ನ ಹಳೆ ಅಂಗಿಯಲ್ಲಿ ನೋಡಿದರೆ ಲಕ್ಷಕ್ಕೆ ಸುಮಾರು 500, ಹೊಸ ಅಂಗಿಯಲ್ಲಿ 900ಕ್ಕೂ ಹೆಚ್ಚು. ಹೊಸ ಪ್ರಮಾಣದಲ್ಲಿ ಹಿರಿಯರ ತೂಕ ಜಾಸ್ತಿ, ಅಷ್ಟೇ. ಹಾಗಾಗಿ ಯಾರಾದರೂ ಪ್ರಮಾಣೀಕೃತ ದರ ಅಂತ ಒಂದು ಸಂಖ್ಯೆ ಹೇಳಿದರೆ, ಯಾವ ಪ್ರಮಾಣ ಜನಸಂಖ್ಯೆ ಅಂತ ಕೇಳಿ. ಒಬ್ಬರು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣ, ಇನ್ನೊಬ್ಬರು ಯುರೋಪಿನ ಪ್ರಮಾಣ ಬಳಸಿದ್ದರೆ, ಆ ಎರಡು ಸಂಖ್ಯೆಗಳನ್ನ ಪಕ್ಕಪಕ್ಕ ಇಡುವ ಹಾಗೇ ಇಲ್ಲ.

ಈಗ ತಾಲೂಕು ಬಿಟ್ಟು ನಮ್ಮೂರಿಗೇ ಬರೋಣ. ಎರಡು ಸಾವಿರ ಜನರ ಊರು ಅಂತಿಟ್ಟುಕೊಳ್ಳಿ. ಇಲ್ಲಿ ನೇರ ವಿಧಾನ ಕೈಕೊಡುತ್ತೆ. ಒಂದು ಸಾವಿರ ಕಿರಿಯರಲ್ಲಿ ವರ್ಷಕ್ಕೆ ಇಬ್ಬರು ಸಾಯೋದು ವಾಡಿಕೆ ಅನ್ನಿ. ಒಂದು ವರ್ಷ ಮದುವೆ ದಿಬ್ಬಣದ ಟೆಂಪೋ ಮಗುಚಿ ಇನ್ನೂ ಮೂರು ಹುಡುಗರು ಹೋದರು. ಕಿರಿಯರ ದರ ಸಾವಿರಕ್ಕೆ 2ರಿಂದ 5ಕ್ಕೆ ಹಾರಿತು. ನೇರ ವಿಧಾನ ಅದನ್ನ ತೆಗೆದುಕೊಂಡು ಪ್ರಮಾಣ ಜನಸಂಖ್ಯೆಯ 63,000 ಕಿರಿಯರಿಗೆ ಗುಣಿಸುತ್ತೆ. 126 ಇದ್ದದ್ದು 315 ಆಗುತ್ತೆ. ಒಂದು ಟೆಂಪೋ ಇಡೀ ಊರಿನ ಆರೋಗ್ಯದ ಅಂದಾಜನ್ನೇ ಮಗುಚಿ ಹಾಕಿತು. ಸಣ್ಣ ಊರಿನ ವಯೋಗುಂಪಿನ ದರ ಅಂದರೆ ಹೀಗೇ, ಗಾಳಿಪಟದ ಹಾಗೆ. ಎಷ್ಟೋ ಸಲ ಸತ್ತವರ ವಯಸ್ಸಿನ ವಿವರವೇ ಸಿಗೋದಿಲ್ಲ, ಒಟ್ಟು ಎಷ್ಟು ಸಾವು ಅಂತ ಮಾತ್ರ ಗೊತ್ತಿರುತ್ತೆ.

ಅಂಥ ಕಡೆ ಪರೋಕ್ಷ ವಿಧಾನ. ಲೆಕ್ಕವನ್ನ ತಿರುಗಿಸಿ ಹಾಕೋದು. ಊರಿನ ದರಗಳನ್ನ ಬೇರೆ ಜನಸಂಖ್ಯೆಗೆ ಹಾಕುವ ಬದಲು, ಇಡೀ ರಾಜ್ಯದಂಥ ದೊಡ್ಡ ಜನಸಂಖ್ಯೆಯ ಗಟ್ಟಿಯಾದ ದರಗಳನ್ನ ತಂದು ನಮ್ಮೂರಿನ ಜನಕ್ಕೆ ಹಾಕೋದು. ನಮ್ಮೂರಲ್ಲಿ ಕಿರಿಯರು 1,000, ನಡುವಯಸ್ಸಿನವರು 560, ಹಿರಿಯರು 440. ರಾಜ್ಯದ ದರ ಸಾವಿರಕ್ಕೆ 2, 5, 40 ಅಂತಿಟ್ಟುಕೊಂಡರೆ ನಿರೀಕ್ಷಿತ ಸಾವು 2, 2.8, 17.6, ಒಟ್ಟು 22.4. ಊರಲ್ಲಿ ನಿಜವಾಗಿ ಸತ್ತವರು 21. ಅಂದರೆ 21ನ್ನ 22.4ರಿಂದ ಭಾಗಿಸಿ ನೂರಕ್ಕೆ ಗುಣಿಸಿದರೆ 94. ಇದಕ್ಕೆ ಎಸ್‌ಎಂಆರ್ ಅಂತಾರೆ, ಪ್ರಮಾಣೀಕೃತ ಮರಣ ಅನುಪಾತ. ನೂರು ಅಂದರೆ ರಾಜ್ಯದಷ್ಟೇ, ಹೆಚ್ಚಿದ್ದರೆ ಹೆಚ್ಚು ಸಾವು, ಕಡಿಮೆ ಇದ್ದರೆ ಕಡಿಮೆ. ಕಚ್ಚಾ ದರ ಸಾವಿರಕ್ಕೆ 10.5 ಅಂತ ಬೊಬ್ಬೆ ಹೊಡೀತಾ ಇದ್ದ ಊರು, ತನ್ನ ವಯಸ್ಸಿಗೆ ತಕ್ಕ ಹಾಗೆ ನೋಡಿದರೆ, ರಾಜ್ಯದ ಹಾಗೇ ಇದೆ. ಅಪ್ಪ ಹೇಳಿದ್ದೂ ಅದನ್ನೇ.

94 ಅಂದರೆ ರಾಜ್ಯಕ್ಕಿಂತ ಆರು ಪರ್ಸೆಂಟ್ ಉತ್ತಮ ಅಂತ ಕುಣಿಯೋಣವಾ? ಬೇಡ. 21 ಸಾವು ಅನ್ನೋದು ಆಕಸ್ಮಿಕವಾಗಿಯೇ ಒಂದು ವರ್ಷ 14, ಇನ್ನೊಂದು ವರ್ಷ 30 ಆಗಬಹುದಾದಷ್ಟು ಸಣ್ಣ ಸಂಖ್ಯೆ. ಈ ಏರಿಳಿತವನ್ನ ಲೆಕ್ಕಕ್ಕೆ ಹಿಡಿದರೆ ನಮ್ಮೂರಿನ ನಿಜವಾದ ಎಸ್‌ಎಂಆರ್ ಸುಮಾರು 58ರಿಂದ 143ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಈ ಒಂದು ವರ್ಷದಿಂದ ಒಳ್ಳೆಯದು ಅಂತಲೂ ಹೇಳೋಕಾಗಲ್ಲ, ಕೆಟ್ಟದ್ದು ಅಂತಲೂ ಹೇಳೋಕಾಗಲ್ಲ. ಐದು ವರ್ಷ ಕೂಡಿಸಿ ನೋಡಬೇಕು. ಈ ಅಂತರವನ್ನ ಹಾಕದೇ ಬರೀ 94 ಅಂತ ನಕ್ಷೆಗೆ ಬಣ್ಣ ಹಚ್ಚುವವರು ನನ್ನ ಹಳೇ ಕ್ವೆರಿಗಿಂತ ಒಂದೇ ಮೆಟ್ಟಿಲು ಮೇಲಿದ್ದಾರೆ.

ಇನ್ನು ಓದಿದವರೇ ಎಡವುವ ಜಾಗ ಒಂದಿದೆ. ಎಲ್ಲ ಊರಿಗೂ ಎಸ್‌ಎಂಆರ್ ಲೆಕ್ಕ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ರ‍್ಯಾಂಕ್ ಕೊಡೋದು. ನಾನೂ ಎರಡನೇ ಸಲ ಇದನ್ನೇ ಮಾಡಿದೆ. ವಯಸ್ಸು ಸರಿಮಾಡಿ ಆಯ್ತಲ್ಲ, ಇನ್ನೇನು ತಕರಾರು ಅಂದುಕೊಂಡೆ. ತಕರಾರು ಇದು.

ಹತ್ತತ್ತು ಸಾವಿರ ಜನರ ಎರಡು ಊರು. ಎರಡರಲ್ಲೂ ಯಾವ ವಯಸ್ಸಿಗೆ ಎಷ್ಟು ಅಪಾಯ ಅನ್ನೋದು ತದ್ವತ್ ಒಂದೇ: 60ರ ಒಳಗಿನವರಲ್ಲಿ ಸಾವಿರಕ್ಕೆ 6, ಅದು ರಾಜ್ಯದ 3ರ ಎರಡು ಪಟ್ಟು. 60 ದಾಟಿದವರಲ್ಲಿ 40, ರಾಜ್ಯದಷ್ಟೇ. ಮೊದಲ ಊರಲ್ಲಿ ಕಿರಿಯರು 9,000, ಹಿರಿಯರು 1,000. ನಿರೀಕ್ಷಿತ ಸಾವು 67, ನಡೆದದ್ದು 94, ಎಸ್‌ಎಂಆರ್ 140. ಎರಡನೇ ಊರಲ್ಲಿ ಕಿರಿಯರು 6,000, ಹಿರಿಯರು 4,000. ನಿರೀಕ್ಷಿತ 178, ನಡೆದದ್ದು 196, ಎಸ್‌ಎಂಆರ್ 110. ಅಪಾಯ ಒಂದೇ, ಅಂಕ ಬೇರೆ! ಯಾಕೆ? ನೇರ ವಿಧಾನದಲ್ಲಿ ಎಲ್ಲರಿಗೂ ಒಂದೇ ಅಂಗಿ. ಪರೋಕ್ಷ ವಿಧಾನದಲ್ಲಿ ಪ್ರತಿ ಊರೂ ತನ್ನದೇ ಅಳತೆಯ ಅಂಗಿ ತೊಟ್ಟು ರಾಜ್ಯದ ಪಕ್ಕ ನಿಲ್ಲುತ್ತೆ. ಊರನ್ನ ರಾಜ್ಯದ ಜೊತೆ ಹೋಲಿಸಬಹುದು. ಊರನ್ನ ಊರಿನ ಜೊತೆ ಹೋಲಿಸಬೇಕಾದರೆ ಎರಡರ ವಯೋರಚನೆ ಹೆಚ್ಚುಕಮ್ಮಿ ಒಂದೇ ಇರಬೇಕು, ಇಲ್ಲವೇ ಎಲ್ಲ ವಯಸ್ಸಿನಲ್ಲೂ ರಾಜ್ಯಕ್ಕಿಂತ ಒಂದೇ ಪಟ್ಟು ವ್ಯತ್ಯಾಸ ಇರಬೇಕು.

ಇದೇ ಲೆಕ್ಕದಲ್ಲಿ ಇನ್ನೂ ನೋವಿನ ಸಂಗತಿ ಒಂದಿದೆ. ಎರಡನೇ ಊರಿನ ಹುಡುಗರು ರಾಜ್ಯದ ಎರಡು ಪಟ್ಟು ಸಾಯ್ತಾ ಇದ್ದಾರೆ. 110 ಅನ್ನುವ ಸೌಮ್ಯವಾದ ಸಂಖ್ಯೆ ಅದನ್ನ ಮುಚ್ಚಿಹಾಕಿತು. ಪ್ರಮಾಣೀಕರಣ ಅಂದರೆ ಒಂದು ಇಡೀ ಪಟ್ಟಿಯನ್ನ ಒಂದೇ ಸಂಖ್ಯೆಗೆ ಹಿಂಡೋದು. ಹಿಂಡುವ ಮೊದಲು ಪಟ್ಟಿಯನ್ನ ಒಮ್ಮೆ ಕಣ್ಣಾಡಿಸಿ ನೋಡದವನಿಗೆ ಹಿಂಡುವ ಹಕ್ಕಿಲ್ಲ.

ಇಷ್ಟೆಲ್ಲ ಆದ ಮೇಲೂ ಕೈಗೆ ಬರುವ ಡೇಟಾ ಹೇಗಿರುತ್ತೆ ಅನ್ನೋದನ್ನ ಹಳ್ಳಿಯಿಂದ ಬಂದವನಾಗಿ ಹೇಳಬೇಕು. ನಮ್ಮ ದೇಶದಲ್ಲಿ 1969ರ ಕಾಯ್ದೆ ಪ್ರಕಾರ ಸಾವು ನೋಂದಣಿಯಾಗೋದು ಸಾವು ನಡೆದ ಜಾಗದಲ್ಲಿ. ನಮ್ಮೂರಿನ ದೊಡ್ಡಪ್ಪ ಬೆಂಗಳೂರಿನ ಆಸ್ಪತ್ರೆಯಲ್ಲಿ ಹೋದರೆ ಅದು ಬೆಂಗಳೂರಿನ ಪುಸ್ತಕಕ್ಕೆ. ವಾಸಸ್ಥಳದ ಪ್ರಕಾರ ವಿಂಗಡಿಸದೇ ಭಾಗಿಸಿದರೆ ಮೇಲೆ ಒಂದು ಊರಿನ ಸಾವು, ಕೆಳಗೆ ಇನ್ನೊಂದು ಊರಿನ ಜನ. ಜನರ ಲೆಕ್ಕಕ್ಕೆ 2011ರ ಜನಗಣತಿ ಹಿಡಿದರೆ, ಅಲ್ಲಿಂದೀಚೆಗೆ ಊರು ಬಿಟ್ಟವರೆಲ್ಲ ಕಾಗದದಲ್ಲಿ ಇನ್ನೂ ಊರಲ್ಲೇ ಇದ್ದಾರೆ. ವಯಸ್ಸಂತೂ ಕೇಳಲೇಬೇಡಿ. ನಮ್ಮಜ್ಜಿಗೆ ಹತ್ತು ವರ್ಷ ಸತತವಾಗಿ ಎಪ್ಪತ್ತೇ. ವಯೋಗುಂಪುಗಳಲ್ಲಿ 60, 65, 70ರ ಹತ್ತಿರ ಜನ ಗುಡ್ಡೆ ಬಿದ್ದಿದ್ದರೆ ಅದು ಜನರ ವಯಸ್ಸಲ್ಲ, ಬರೆದುಕೊಂಡವರ ಅಂದಾಜು ಅಂತ ತಿಳೀಬೇಕು.

ಹಾಗಾದರೆ ಕಚ್ಚಾ ದರ ಬಿಸಾಕೋದಾ? ಖಂಡಿತ ಬೇಡ. ಈ ಊರಲ್ಲಿ ಬರುವ ವರ್ಷ ಎಷ್ಟು ಜನಕ್ಕೆ ಹಾಸಿಗೆ ಬೇಕು, ಎಷ್ಟು ಮನೆಗೆ ಬಿಪಿ ಮಾತ್ರೆ ತಲುಪಬೇಕು, ಕೊನೆಗಾಲದಲ್ಲಿ ನೋಡಿಕೊಳ್ಳುವ ನರ್ಸ್ ಎಷ್ಟು ಬೇಕು ಅಂತ ಕೇಳಿದರೆ ಅದಕ್ಕೆ ಉತ್ತರ ಕಚ್ಚಾ ಸಂಖ್ಯೆಯಲ್ಲೇ ಇದೆ. ಯಾಕೆಂದರೆ ಆ ಮುದುಕರು ನಿಜವಾದ ಮುದುಕರು, ಪ್ರಮಾಣ ಜನಸಂಖ್ಯೆಯವರಲ್ಲ. ಎಷ್ಟು ಬೇಕು ಅನ್ನೋದಕ್ಕೆ ಕಚ್ಚಾ ದರ, ಯಾರು ಸರಿಯಾಗಿ ನೋಡಿಕೊಳ್ತಿದ್ದಾರೆ ಅನ್ನೋದಕ್ಕೆ ಪ್ರಮಾಣೀಕೃತ ದರ. ಮೊದಲನೇ ಸಂಖ್ಯೆ ಹಿಡಿದು ಎರಡನೇ ಪ್ರಶ್ನೆ ಕೇಳಿದ್ದೇ ಆ ಶುಕ್ರವಾರದ ಅನ್ಯಾಯ.

ಆ ಡ್ಯಾಶ್‌ಬೋರ್ಡ್ ಕೊನೆಗೆ ಏನಾಯ್ತು ಅಂತ ಕೇಳ್ತೀರಾ? ವಯಸ್ಸಿನ ಕಾಲಂ ಸೇರಿಸೋಣ ಅಂದೆ. ಮುಂದಿನ ಸ್ಪ್ರಿಂಟಿನಲ್ಲಿ ನೋಡೋಣ ಅಂದರು. ಆ ಸ್ಪ್ರಿಂಟ್ ಬರುವಷ್ಟರಲ್ಲಿ ನನ್ನನ್ನ ಬೇರೆ ಪ್ರಾಜೆಕ್ಟಿಗೆ ಹಾಕಿದ್ದರು. ನನ್ನ ನಾಲ್ಕು ಸಾಲಿನ ಕ್ವೆರಿ ಎಲ್ಲೋ ಒಂದು ಸರ್ವರಿನಲ್ಲಿ ಇವತ್ತಿಗೂ ಪ್ರತಿ ರಾತ್ರಿ ಓಡ್ತಾ ಇರಬಹುದು. ನಮ್ಮೂರಿಗೆ ಕೆಂಪು ಬಳೀತಾ ಇರಬಹುದು. ಹೋದ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಬೀದಿಯಲ್ಲಿ ನಲವತ್ತರ ಒಳಗಿನವರನ್ನ ಎಣಿಸಿದೆ. ನನ್ನನ್ನೂ ಸೇರಿಸಿ ಏಳು ಜನ. ಅದರಲ್ಲಿ ಐವರು ಸೋಮವಾರ ಬೆಳಿಗ್ಗೆ ಬಸ್ ಹತ್ತುವವರು.